ಮಂಜರಾಬಾದ್ ನಕ್ಷತ್ರದಂತೆ ಏಕಿದೆ, ರಾಯಚೂರಿನ ಬುರುಜು ದುಂಡಗೇಕಿದೆ?

ಓದುಗರ ಪ್ರಶ್ನೆ: "ನಾವು ರಾಯಚೂರಿನವರು. ಕಳೆದ ರಜೆಯಲ್ಲಿ ಸಕಲೇಶಪುರದ ಮಂಜರಾಬಾದ್ ಕೋಟೆ ನೋಡಿ ಬಂದೆವು. ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಎಂಟು ಮೂಲೆಯ ನಕ್ಷತ್ರ. ನಮ್ಮೂರಿನ ಬುರುಜುಗಳೋ ದುಂಡಗಿವೆ. ಏಕೆಂದು ಮಗ ಕೇಳಿದ, ನನಗೆ ಹೇಳಲಾಗಲಿಲ್ಲ. ಚೀನಿಯರು ಸಿಡಿಮದ್ದನ್ನು ಪಟಾಕಿಗೆ ಮಾತ್ರ ಬಳಸಿದರು, ಯುರೋಪಿನವರು ಆಯುಧ ಮಾಡಿದರು ಎಂದು ಅವನ ಶಾಲೆಯಲ್ಲಿ ಹೇಳಿದ್ದಾರಂತೆ. ಅದು ಶುಕ್ರನೀತಿಯಲ್ಲೇ ಇದೆ, ನಮ್ಮವರದ್ದೇ ಎಂದು ನಮ್ಮ ಮಾವನವರು ಹೇಳುತ್ತಾರೆ. ಸಾವಿಲ್ಲದ ಔಷಧ ಹುಡುಕುವಾಗ ಸಿಕ್ಕಿತು ಎಂದು ಎಲ್ಲೋ ಓದಿದೆ, ಅದು ಕಟ್ಟುಕಥೆಯಂತೆ ಕಾಣುತ್ತದೆ. ಯಾವುದನ್ನು ನಂಬಬೇಕು? ಫಿರಂಗಿ ಅಷ್ಟು ಬಲಶಾಲಿಯಾಗಿದ್ದರೆ ಆಮೇಲೂ ಕೋಟೆ ಏಕೆ ಕಟ್ಟಿದರು?"

ಉತ್ತರ:

ನಿಮ್ಮ ಮನೆಯಲ್ಲಿ ಎದ್ದಿರುವ ಮೂರು ಮಾತುಗಳಲ್ಲಿ ಕಟ್ಟುಕಥೆಯಂತೆ ಕೇಳುವ ಮಾತೇ ನಿಜ. ಸಾವನ್ನು ಗೆಲ್ಲುವ ಔಷಧಕ್ಕಾಗಿ ಕುಲುಮೆಯ ಮುಂದೆ ಕುಳಿತವರ ಕೈಗೇ ಸಿಡಿಮದ್ದು ಸಿಕ್ಕಿತು. ಅದರ ನೆನಪು ಹೆಸರಿನಲ್ಲೇ ಉಳಿದಿದೆ. ಚೀನೀ ಭಾಷೆಯಲ್ಲಿ ಸಿಡಿಮದ್ದಿಗೆ ಹ್ವೊಯಾವ್ ಎನ್ನುತ್ತಾರೆ, ಅಂದರೆ 'ಬೆಂಕಿಯ ಔಷಧ'. ನಮಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಮ್ಮಿಗೆ ಕುಡಿಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ಕೋಟೆಯೊಳಗೆ 'ಮದ್ದಿನ ಮನೆ' ಎಂದು ತೋರಿಸಿದರೆ ಅಲ್ಲಿ ವೈದ್ಯರಿದ್ದರು ಎಂದು ಯಾರೂ ತಿಳಿಯುವುದಿಲ್ಲ. ತಮಿಳಿನ ಮರುಂದು, ತೆಲುಗಿನ ಮಂದು, ಪಾರಸಿಯ ದಾರು ಕೂಡ ಹೀಗೇ ಎರಡೂ ಅರ್ಥಗಳನ್ನು ಹೊತ್ತ ಪದಗಳು.

ನಾನು ಹಳೆಯ ಕೋಟೆಗೋಡೆಗಳ ಅಳತೆ ಮತ್ತು ದುರಸ್ತಿಯ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು. ನನ್ನ ಮಟ್ಟಿಗೆ ಈ ಕಥೆ ಗೋಡೆಯ ಬುಡದಿಂದ ಶುರುವಾಗುತ್ತದೆ. ದನ ಕಟ್ಟುವ ಕಡೆ, ಗಂಜಲ ಇಂಗುವ ಕಡೆ ಹಳೆಯ ಗೋಡೆಯ ಕೆಳಭಾಗದಲ್ಲಿ ಬೇಸಿಗೆ ಹೊತ್ತಿಗೆ ಬೂದಿ ಎರಚಿದಂತೆ ಬಿಳಿಯ ಹರಳು ಮೂಡುತ್ತದೆ. ದುರಸ್ತಿಯವರಿಗೆ ಅದು ರೋಗ, ಗಾರೆಯನ್ನು ಒಳಗಿನಿಂದ ಪುಡಿ ಮಾಡಿ ಉದುರಿಸುತ್ತದೆ. ಮೊದಲ ಸಲ ಒಂದು ಕೆಲಸದ ಜಾಗದಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ಆ ಹರಳನ್ನು ಉಗುರಿನಿಂದ ಕೆರೆದು ಬೀಡಿ ಹಚ್ಚಲು ಇಟ್ಟಿದ್ದ ಕೆಂಡದ ಮೇಲೆ ಉದುರಿಸಿದರು. ಉಪ್ಪು ಬಿದ್ದರೆ ಬರಿ ಚಟಪಟ ಎನ್ನಬೇಕಿತ್ತು. ಇಲ್ಲಿ ಕೆಂಡವೇ ಸುಯ್ಯೆಂದು ಬೆಳ್ಳಗೆ ಉರಿದು, ಹರಳು ಬಿದ್ದ ಕಡೆಯೆಲ್ಲ ಗುಳಿ ಬಿತ್ತು. ಅದರೊಳಗಿದ್ದದ್ದು ಪೆಟ್ಲುಪ್ಪು. ಸಗಣಿ, ಗಂಜಲ, ಕೊಳೆತ ಕಸದಲ್ಲಿರುವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಅರಗಿಸಿದಾಗ ಹುಟ್ಟುವ ಲವಣ ಅದು.

ಪೆಟ್ಲುಪ್ಪನ್ನು ಅರ್ಥ ಮಾಡಿಕೊಂಡರೆ ಸಿಡಿಮದ್ದು ಅರ್ಥವಾದಂತೆ. ಇದ್ದಿಲು ಉರಿಯಲು ಗಾಳಿ ಬೇಕು. ಗಾಳಿ ಅದರ ಮೈಮೇಲೆ ಮಾತ್ರ ತಾಗುವುದರಿಂದ ಅದು ನಿಧಾನವಾಗಿ, ಹೊರಗಿನಿಂದ ಒಳಕ್ಕೆ ಉರಿಯುತ್ತದೆ. ಪೆಟ್ಲುಪ್ಪು ಕಾದಾಗ ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಅದನ್ನು ಇದ್ದಿಲಿನೊಂದಿಗೆ ನುಣ್ಣಗೆ ಬೆರೆಸಿದರೆ ಪ್ರತಿ ಕಣದ ಪಕ್ಕದಲ್ಲೂ ಅದರ ಪಾಲಿನ ಗಾಳಿ ಕಾದು ಕುಳಿತಂತೆ. ಗಂಧಕವು ಕಡಿಮೆ ಶಾಖಕ್ಕೇ ಹೊತ್ತಿಕೊಂಡು ಬೆಂಕಿಯನ್ನು ಹಬ್ಬಿಸುತ್ತದೆ. ಕ್ಷಣಮಾತ್ರದಲ್ಲಿ ಬಿಸಿ ಅನಿಲ ಉಕ್ಕುತ್ತದೆ, ಅದನ್ನು ಮುಚ್ಚಿದ ಪಾತ್ರೆಯಲ್ಲಿ ಹಿಡಿದರೆ ಪಾತ್ರೆ ಒಡೆಯುತ್ತದೆ, ಒಂದು ಬಾಯಿ ತೆರೆದಿಟ್ಟರೆ ಅಡ್ಡ ಇರುವುದನ್ನು ನೂಕುತ್ತದೆ. ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನ ಕಣಗಳಾಗಿ ಉಳಿಯುವುದರಿಂದಲೇ ಹಳೆಯ ಫಿರಂಗಿಗಳ ಸುತ್ತ ಅಷ್ಟು ದಟ್ಟ ಹೊಗೆ.

ಈಗ ಚೀನಾದ ರಸವಾದಿಗಳ ಕಡೆ ಬನ್ನಿ. ಅವರಿಗೆ ಪೆಟ್ಲುಪ್ಪು ಔಷಧದ ಸಾಮಗ್ರಿ. ನೋಡಲು ಅದರಂತೆಯೇ ಇರುವ ಬೇರೆ ಲವಣಗಳಿದ್ದವು, ಮೋಸ ಹೋಗದಿರಲು ಪರೀಕ್ಷೆ ಬೇಕಿತ್ತು. 5-6ನೇ ಶತಮಾನದಲ್ಲಿದ್ದ ತಾವ್ ಹೋಂಗ್‌ಜಿಂಗ್ ಎಂಬ ವೈದ್ಯ-ರಸವಾದಿ ಆ ಪರೀಕ್ಷೆಯನ್ನು ಬರೆದಿಟ್ಟಿದ್ದಾನೆ: ನಿಜವಾದ ಪೆಟ್ಲುಪ್ಪನ್ನು ಸುಟ್ಟರೆ ನೇರಳೆ ಛಾಯೆ ಏಳುತ್ತದೆ. ಇಂದಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಗುರುತಿಸಲು ವಿದ್ಯಾರ್ಥಿಗಳು ಜ್ವಾಲೆಯಲ್ಲಿ ಹುಡುಕುವುದೂ ಅದೇ ನೇರಳೆ. ಸೋಡಿಯಂ ಲವಣವಾದರೆ ಹಳದಿ. ಇಷ್ಟು ಸರಿಯಾಗಿ ನೋಡಬಲ್ಲವರನ್ನು ಮಂತ್ರವಾದಿಗಳೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಗಂಧಕ, ಪಾದರಸ, ಆರ್ಸೆನಿಕ್ಕಿನ ಕೆಂಪು ಖನಿಜವಾದ ಮನಶಿಲೆಗಳಂತಹ ಉಗ್ರ ದ್ರವ್ಯಗಳನ್ನು ಬೆಂಕಿಯಿಂದ ಪಳಗಿಸಿದರೆ ಅವು ದೇಹವನ್ನು ಸಾವಿನಿಂದ ಕಾಯುತ್ತವೆ ಎಂಬುದು ಅವರ ನಂಬಿಕೆಯಾಗಿತ್ತು. ನಮ್ಮ ರಸಶಾಸ್ತ್ರದ ಶೋಧನೆಯನ್ನು ಬಲ್ಲವರಿಗೆ ಈ ಯೋಚನೆ ಹೊಸದಲ್ಲ. ಗಂಧಕವನ್ನು ಪಳಗಿಸಲು ಅವರು ಜೊತೆಗೆ ಬೆರೆಸಿ ನೋಡಿದ ವಸ್ತುಗಳಲ್ಲಿ ಪೆಟ್ಲುಪ್ಪೂ ಒಂದು. ಸುಮಾರು 9ನೇ ಶತಮಾನದ ಒಂದು ತಾವೋ ಗ್ರಂಥ, ರಸವಾದಿಗಳು ಮಾಡಬಾರದ ತಪ್ಪುಗಳನ್ನು ಹೇಳುತ್ತಾ ಹೀಗೆ ಎಚ್ಚರಿಸುತ್ತದೆ: ಕೆಲವರು ಗಂಧಕ, ಮನಶಿಲೆ ಮತ್ತು ಪೆಟ್ಲುಪ್ಪನ್ನು ಜೇನಿನೊಂದಿಗೆ ಕಾಯಿಸಿದರು, ಬೆಂಕಿ ಹೊಗೆ ಎದ್ದು ಅವರ ಕೈ ಮುಖ ಸುಟ್ಟವು, ಮನೆಯೂ ಸುಟ್ಟುಹೋಯಿತು. ಇದ್ದಿಲು ಎಲ್ಲಿ ಎಂದು ನಿಮ್ಮ ಮಗ ಕೇಳಬಹುದು. ಜೇನು ಕಾದು ಕರಿಕಾದಾಗ ಉಳಿಯುವುದು ಇಂಗಾಲವೇ. ಅಲ್ಲಿಗೆ ಮೂರೂ ಒಂದೇ ಪಾತ್ರೆಯಲ್ಲಿ ಸೇರಿದವು. ಆ ಗ್ರಂಥ ಇದನ್ನು ಮಾಡಬೇಡಿ ಎಂದು ಹೇಳಿತು. ಆದರೆ ಮಾಡಿದರೆ ಏನಾಗುತ್ತದೆ ಎಂಬುದೂ ಅದರಿಂದಲೇ ಓದಿದವರಿಗೆ ತಿಳಿಯಿತು.

ಇನ್ನು ಪಟಾಕಿಯ ಮಾತು. ಇದು ಬಹಳ ಕಡೆ ಅಚ್ಚಾಗಿದೆ, ಆದರೂ ತಪ್ಪು. 1044ರಲ್ಲಿ ಸಾಂಗ್ ರಾಜವಂಶದ ಆಸ್ಥಾನಕ್ಕಾಗಿ ಸಿದ್ಧವಾದ ಸೇನಾ ಗ್ರಂಥದಲ್ಲಿ ಸಿಡಿಮದ್ದಿನ ಮೂರು ಪಾಕಗಳಿವೆ, ಮೂರೂ ಯುದ್ಧಕ್ಕೆ. ಅವುಗಳಲ್ಲಿ ಪೆಟ್ಲುಪ್ಪಿನ ಪಾಲು ಕಡಿಮೆ, ಎಣ್ಣೆ, ಮೇಣ, ನಾರುಗಳಂತಹ ಬೆರಕೆ ಹೆಚ್ಚು. ಹಾಗಾಗಿ ಅವು ಸಿಡಿಯುವುದಕ್ಕಿಂತ ಆರಿಸಲಾಗದಂತೆ ಉರಿಯುವ, ವಿಷದ ಹೊಗೆ ಕಾರುವ ಉಂಡೆಗಳು. ಕವಣೆಯಂತ್ರಗಳಿಂದ ಶತ್ರುವಿನ ಪಾಳೆಯಕ್ಕೆ ಎಸೆಯುತ್ತಿದ್ದರು. 1132ರಲ್ಲಿ ಡೆಯಾನ್ ಪಟ್ಟಣದ ಮುತ್ತಿಗೆಯಲ್ಲಿ ಚೆನ್ ಗುಯಿ ಎಂಬ ಅಧಿಕಾರಿ ಉದ್ದನೆಯ ಬಿದಿರಿನ ಕೊಳವೆಗಳಿಗೆ ಮದ್ದು ತುಂಬಿಸಿ ಬೆಂಕಿಯ ಈಟಿಗಳನ್ನು ಮಾಡಿಸಿ, ಗೋಡೆಗೆ ಬಂದ ಮರದ ಗೋಪುರಗಳ ಮೇಲೆ ಉರಿ ಕಾರಿಸಿದ. ಬಂದೂಕಿನ ವಂಶವೃಕ್ಷದ ಬೇರು ಆ ಬಿದಿರಿನಲ್ಲಿದೆ. ಕೊಳವೆಯೊಳಗೆ ಮದ್ದಿನೊಂದಿಗೆ ಚೂರುಗಳನ್ನು ತುಂಬಿದರು, ಬಿದಿರು ಸೀಳಿದಾಗ ಲೋಹ ತಂದರು, ಕೊನೆಗೆ ಕೊಳವೆಯ ಬಾಯಿಗೆ ಸರಿಯಾಗಿ ಕೂರುವ ಒಂದೇ ಗುಂಡು ಇಟ್ಟರು. ಮಂಚೂರಿಯಾದ ಹೈಲೊಂಗ್‌ಜಿಯಾಂಗ್‌ನಲ್ಲಿ ಸಿಕ್ಕ, ಸುಮಾರು 1288ರದ್ದೆಂದು ಗುರುತಿಸಲಾದ ಕಂಚಿನ ಕೈಬಂದೂಕು 34 ಸೆಂಟಿಮೀಟರ್ ಉದ್ದ, ಮೂರೂವರೆ ಕಿಲೋ ತೂಕ. ಯುರೋಪಿನಲ್ಲಿ ಫಿರಂಗಿಯ ಮೊದಲ ಚಿತ್ರ ಮತ್ತು ಫ್ಲಾರೆನ್ಸ್ ನಗರದ ಮೊದಲ ಫಿರಂಗಿ ಆದೇಶ ಎರಡೂ 1326ರವು. ಆ ಹೊತ್ತಿಗೆ ಚೀನಾದಲ್ಲಿ ಮದ್ದಿನ ಆಯುಧಗಳಿಗೆ ಸುಮಾರು ಮುನ್ನೂರು ವರ್ಷದ ಅನುಭವವಿತ್ತು.

ನಡುವಿನ ದಾರಿ ಮಂಗೋಲರ ಸಾಮ್ರಾಜ್ಯ ಮತ್ತು ಅರಬ್ ಜಗತ್ತಿನದು. 1232ರಲ್ಲಿ ಮಂಗೋಲರು ಕೈಫೆಂಗ್ ನಗರಕ್ಕೆ ಮುತ್ತಿಗೆ ಹಾಕಿ, ದನದ ಚರ್ಮ ಹೊದಿಸಿದ ಮರದ ಮಾಡುಗಳ ಕೆಳಗೆ ಅಡಗಿ ಗೋಡೆಯ ಬುಡ ಅಗೆಯುತ್ತಿದ್ದಾಗ, ಒಳಗಿನವರು ಮದ್ದು ತುಂಬಿದ ಕಬ್ಬಿಣದ ಕುಡಿಕೆಗಳನ್ನು ಸರಪಳಿಯಲ್ಲಿ ಇಳಿಬಿಟ್ಟರು. ಚರ್ಮವೂ ಉಳಿಯಲಿಲ್ಲ, ಅದರ ಕೆಳಗಿದ್ದವರೂ ಉಳಿಯಲಿಲ್ಲ. ಹೊಡೆತ ತಿಂದವರು ಅದನ್ನು ಕಲಿತರು, ಕಲಿತದ್ದು ಅವರೊಂದಿಗೆ ಪಶ್ಚಿಮಕ್ಕೆ ಹೋಯಿತು. 1248ರಲ್ಲಿ ತೀರಿಕೊಂಡ ಸಸ್ಯಶಾಸ್ತ್ರಜ್ಞ ಇಬ್ನ್ ಅಲ್-ಬೈತಾರ್ ಪೆಟ್ಲುಪ್ಪಿಗೆ 'ಚೀನಾದ ಹಿಮ' ಎಂಬ ಹೆಸರನ್ನು ದಾಖಲಿಸಿದ್ದಾನೆ, ಪಾರಸಿಯಲ್ಲಿ ಅದು 'ಚೀನಾದ ಉಪ್ಪು'. ವಸ್ತು ಎಲ್ಲಿಂದ ಬಂತೆಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕೆ? ಸುಮಾರು 1280ರಲ್ಲಿ ಸಿರಿಯಾದ ಹಸನ್ ಅಲ್-ರಮ್ಮಾಹ್ ಪೆಟ್ಲುಪ್ಪನ್ನು ಮರದ ಬೂದಿಯ ನೀರಿನಿಂದ ಶುದ್ಧಿಮಾಡುವ ಕ್ರಮ ಬರೆದ. ಇದು ಸಣ್ಣ ವಿಷಯವಲ್ಲ. ಮಣ್ಣಿನಿಂದ ಬಂದ ಲವಣದಲ್ಲಿ ಸುಣ್ಣದ ಅಂಶ ಬೆರೆತಿದ್ದರೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಮಳೆಗಾಲದಲ್ಲಿ ಮದ್ದು ಅಂಟು ಹಿಟ್ಟಾಗುತ್ತದೆ. ಬೂದಿಯ ನೀರು ಆ ಸುಣ್ಣವನ್ನು ಕೆಳಗೆ ಇಳಿಸಿ ಶುದ್ಧ ಹರಳನ್ನು ಉಳಿಸುತ್ತದೆ. ಮದ್ದಿನ ಬಲ ಹೆಚ್ಚಿದ್ದು ಹೀಗೆ ಅಡುಗೆಮನೆಯ ಒಲೆಯಲ್ಲೂ ಸಿಗುವ ಬೂದಿಯಿಂದ.

ನಿಮ್ಮ ಮಾವನವರ ಮಾತನ್ನು ಗೌರವದಿಂದಲೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅವರು ಓದಿಯೇ ಹೇಳಿದ್ದಾರೆ. ಶುಕ್ರನೀತಿಯಲ್ಲಿ ಮದ್ದಿನ ಪಾಕವೂ ಬಂದೂಕಿನ ವರ್ಣನೆಯೂ ಇರುವುದು ನಿಜ. ತೊಡಕಿರುವುದು ಆ ಪಠ್ಯದ ಕಾಲದಲ್ಲಿ. ಇಂದು ಕೈಗೆ ಸಿಗುವ ರೂಪ ಬಹಳ ಈಚಿನದು, 19ನೇ ಶತಮಾನದ್ದು ಎಂದೇ ವಾದಿಸಿದ ವಿದ್ವಾಂಸರಿದ್ದಾರೆ. ಬಂದೂಕು ಬಳಕೆಯಲ್ಲಿದ್ದ ಕಾಲದವರು ಬಂದೂಕಿನ ಬಗ್ಗೆ ಬರೆದಿರುವುದರಲ್ಲಿ ಆಶ್ಚರ್ಯವಿಲ್ಲ. ನಿಜವಾಗಿಯೂ ಹಳೆಯದಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶತ್ರುವಿನ ಕೋಟೆಗೆ ಬೆಂಕಿ ಹಚ್ಚುವ ಮಿಶ್ರಣಗಳಿವೆ, ಅಂಟು, ಅರಗು, ಸಗಣಿಯಂತಹ ಚೆನ್ನಾಗಿ ಉರಿಯುವ ವಸ್ತುಗಳು. ಅವು ಉರಿಯುತ್ತವೆ, ಆದರೆ ಗುಂಡನ್ನು ನೂಕುವುದಿಲ್ಲ. ಉರಿಗೂ ಸಿಡಿತಕ್ಕೂ ನಡುವೆ ನಿಂತಿರುವುದು ಪೆಟ್ಲುಪ್ಪು. ಆದರೆ ಮಾವನವರಿಗೆ ಇನ್ನೊಂದು ಮಾತನ್ನೂ ಹೇಳಿ. 17-18ನೇ ಶತಮಾನಗಳಲ್ಲಿ ಯುರೋಪಿನ ಫಿರಂಗಿಗಳು ಬಿಹಾರದ ಪೆಟ್ಲುಪ್ಪಿನ ಮೇಲೆ ನಿಂತಿದ್ದವು, ಪಟ್ನಾದಿಂದ ಹಡಗುಗಟ್ಟಲೆ ಹೋಗುತ್ತಿತ್ತು. ಕಂಡುಹಿಡಿದದ್ದು ನಮ್ಮವರಲ್ಲದಿರಬಹುದು, ಜಗತ್ತಿಗೆ ಉಣಿಸಿದವರು ನಮ್ಮ ಮಣ್ಣು ಕೆರೆದ ಬಡವರು.

ಈಗ ಗೋಡೆಗೆ ಬರೋಣ, ನನ್ನ ಜೀವ ಇರುವುದು ಅಲ್ಲಿ.

ಫಿರಂಗಿ ಬಂದ ದಿನವೇ ಕೋಟೆಗಳು ಉರುಳಲಿಲ್ಲ. ಮೊದಲ ನೂರು ವರ್ಷ ಅವು ಸದ್ದು ಹೆಚ್ಚು, ಕೆಲಸ ಕಡಿಮೆ ಎಂಬಂತಿದ್ದವು. ಹಿಟ್ಟಿನಂತಿದ್ದ ಮದ್ದು ಗಾಡಿಯಲ್ಲಿ ಅಲುಗಾಡಿ ಬೇರೆಬೇರೆಯಾಗುತ್ತಿತ್ತು, ಕೊಳವೆಯಲ್ಲಿ ಒತ್ತಿ ತುಂಬಿದರೆ ಒಳಗೆ ಬೆಂಕಿ ಹರಿಯಲು ಸಂದಿಯಿರುತ್ತಿರಲಿಲ್ಲ. 15ನೇ ಶತಮಾನದಲ್ಲಿ ಯುರೋಪಿನವರು ಅದನ್ನು ಒದ್ದೆ ಮಾಡಿ, ಒಣಗಿಸಿ, ರವೆಯಂತೆ ಕಾಳು ಮಾಡಿದರು. ಕಾಳಿನ ನಡುವಿನ ಸಂದಿಗಳಲ್ಲಿ ಉರಿ ಒಮ್ಮೆಗೇ ಹಬ್ಬಿತು, ಅದೇ ತೂಕದ ಮದ್ದಿಗೆ ಹೊಡೆತ ಬಹಳ ಹೆಚ್ಚಿತು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಎರಡನೇ ಮೆಹ್ಮದ್ ಮುತ್ತಿಗೆ ಹಾಕಿದಾಗ ಹಂಗೇರಿಯ ಓರ್ಬಾನ್ ಎರಕ ಹೊಯ್ದ ತೋಪು ಐನೂರು ಕಿಲೋಗೂ ಮೀರಿದ ಕಲ್ಲುಗುಂಡು ಹಾರಿಸುತ್ತಿತ್ತು. ದಿನಕ್ಕೆ ಏಳೆಂಟು ಸಲ ಮಾತ್ರ, ಏಕೆಂದರೆ ಕಾದ ಲೋಹ ಬಿರಿಯದಂತೆ ತಣಿಸಬೇಕಿತ್ತು. ಓರ್ಬಾನ್ ಮೊದಲು ಹೋಗಿದ್ದು ಆ ನಗರದ ಚಕ್ರವರ್ತಿಯ ಬಳಿಗೇ, ಅವನಿಗೆ ಕೊಡಲು ಹಣವಿರಲಿಲ್ಲ.

ಆ ಮುತ್ತಿಗೆಯಲ್ಲಿ ಎಲ್ಲರೂ ತೋಪನ್ನು ನೋಡುತ್ತಾರೆ, ನಾನು ನೋಡುವುದು ರಾತ್ರಿಯ ಕೆಲಸವನ್ನು. ಹಗಲು ಒಡೆದ ಗೋಡೆಯ ಬಾಯಿಗೆ ಒಳಗಿನವರು ರಾತ್ರಿ ಮಣ್ಣು, ಮರ, ಕಸಕಡ್ಡಿ, ಮಣ್ಣು ತುಂಬಿದ ಪೀಪಾಯಿಗಳನ್ನು ಒಟ್ಟಿದರು. ಮರುದಿನ ತೋಪಿನ ಗುಂಡು ಅದರಲ್ಲಿ ಹೂತುಹೋಯಿತು. ಸಾವಿರ ವರ್ಷ ನಿಂತ ಕಲ್ಲಿಗಿಂತ ಒಂದು ರಾತ್ರಿಯ ಮಣ್ಣು ಗುಂಡನ್ನು ಚೆನ್ನಾಗಿ ತಡೆಯಿತು. ಕಾರಣ ಸರಳ. ಕಲ್ಲು ಬಾಗುವುದಿಲ್ಲ, ಗುಂಡಿನ ಹೊಡೆತವನ್ನೆಲ್ಲ ಒಂದೇ ಕ್ಷಣದಲ್ಲಿ ಎದುರಿಸಬೇಕು, ಆಗ ನಕ್ಷತ್ರದ ಆಕಾರದಲ್ಲಿ ಬಿರುಕು ಬಿಡುತ್ತದೆ. ಸಿಡಿದ ಕಲ್ಲಿನ ಚೂರು ಒಳಗಿನವರನ್ನೇ ಕೊಲ್ಲುತ್ತದೆ. ಮಣ್ಣು ಗುಂಡಿಗೆ ದಾರಿ ಬಿಡುತ್ತಾ ಬಿಡುತ್ತಾ ಅದರ ವೇಗವನ್ನು ನುಂಗುತ್ತದೆ. ಹಳೆಯ ಗೋಡೆಯಲ್ಲಿ ಗುಂಡಿನ ಗುರುತನ್ನು ಗುರುತಿಸುವಾಗ ನಾವು ನೋಡುವುದೂ ಇದನ್ನೇ. ಕಲ್ಲಿನಲ್ಲಿ ಚಪ್ಪಟೆಯಾಗಿ ಎದ್ದ ಚಕ್ಕೆ, ಸುತ್ತ ಬಿರುಕು. ಇಟ್ಟಿಗೆಯಲ್ಲಿ ಆಳವಾದ ದುಂಡು ತೂತು, ಸುತ್ತ ಗೋಡೆ ಗಟ್ಟಿ.

ಕೋಟೆ ಕಟ್ಟುವವರಿಗೆ ನಿಜವಾದ ಭಯ ಹುಟ್ಟಿದ್ದು 1494ರಲ್ಲಿ. ಫ್ರಾನ್ಸಿನ ಎಂಟನೇ ಚಾರ್ಲ್ಸ್ ಇಟಲಿಗೆ ಇಳಿದಾಗ ಅವನ ಬಳಿ ಕುದುರೆಗಳು ಎಳೆಯುವ, ಗಾಲಿಯ ಮೇಲಿನ ಕಂಚಿನ ಫಿರಂಗಿಗಳಿದ್ದವು, ಗುಂಡು ಕಬ್ಬಿಣದ್ದು. ಕಬ್ಬಿಣ ಕಲ್ಲಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ, ಆದ್ದರಿಂದ ಸಣ್ಣ ಗುಂಡಿಗೂ ದೊಡ್ಡ ಪೆಟ್ಟು, ಸಣ್ಣ ಗುಂಡಿಗೆ ಸಣ್ಣ ಫಿರಂಗಿ, ಸಣ್ಣ ಫಿರಂಗಿಯಾದರೆ ಸೈನ್ಯದ ಜೊತೆಗೇ ನಡೆಯುತ್ತದೆ. ಹಿಂದೆ ಏಳು ವರ್ಷ ಮುತ್ತಿಗೆ ತಡೆದ ಖ್ಯಾತಿಯಿದ್ದ ಮಾಂಟೆ ಸಾನ್ ಜಿಯೊವಾನಿ ಕೋಟೆ ಕೆಲವೇ ಗಂಟೆಗಳಲ್ಲಿ ಬಿತ್ತು. ಎತ್ತರದ ತೆಳು ಗೋಡೆ ಏಣಿ ಹಾಕುವವರಿಗೆ ಎದುರಾಗಿ ಕಟ್ಟಿದ್ದು. ಫಿರಂಗಿಗೆ ಅದು ಗುರಿಹಲಗೆ.

ಆಗ ಇಟಲಿಯ ನಗರಗಳ ಮುಂದಿದ್ದ ದಾರಿಗಳನ್ನು ನೋಡಿ, ಪ್ರತಿಯೊಂದಕ್ಕೂ ಅದರದೇ ಅಪಾಯವಿತ್ತು. ಗೋಡೆಯನ್ನು ದಪ್ಪ ಮಾಡಬಹುದು, ಆದರೆ ಎತ್ತರವೂ ಇದ್ದರೆ ಬುಡಕ್ಕೆ ಹೊಡೆದಾಗ ಅದರ ಭಾರವೇ ಅದನ್ನು ಕೆಡವಿ, ಬಿದ್ದ ರಾಶಿಯೇ ಶತ್ರುವಿಗೆ ಮೆಟ್ಟಿಲಾಗುತ್ತದೆ. ಗೋಡೆಯನ್ನು ಗಿಡ್ಡ ಮಾಡಬಹುದು, ಆದರೆ ಏಣಿ ಸಾಕಾಗುತ್ತದೆ. ಅದಕ್ಕೆ ಪರಿಹಾರ ಆಳವಾದ ಅಗಲ ಕಂದಕ: ಗೋಡೆಯನ್ನು ನೆಲದ ಮಟ್ಟಕ್ಕಿಂತ ಕೆಳಗೆ ಇಳಿಸಿಬಿಟ್ಟರೆ ಹೊರಗಿನಿಂದ ಬರಿ ತುದಿ ಕಾಣುತ್ತದೆ, ಒಳಗಿಳಿದವನಿಗೆ ಪೂರ್ತಿ ಎತ್ತರ. ಕಂದಕದಿಂದ ತೆಗೆದ ಮಣ್ಣನ್ನೇ ಗೋಡೆಯ ಹಿಂದೆ ತುಂಬಬಹುದು. ಮಣ್ಣಿನ ಬಲ ಬಯಲಾದದ್ದು 1500ರಲ್ಲಿ ಪೀಸಾದಲ್ಲಿ. ಫ್ರೆಂಚರು ಮತ್ತು ಫ್ಲಾರೆನ್ಸಿನವರು ಗೋಡೆಯನ್ನು ಒಡೆದು ಒಳಗೆ ನುಗ್ಗಲು ಬಂದಾಗ, ಒಡೆದ ಗೋಡೆಯ ಹಿಂದೆ ಪೀಸಾದವರು ಹೊಸ ಹಳ್ಳ ತೋಡಿ ಮಣ್ಣಿನ ದಿಬ್ಬ ಕಟ್ಟಿ ಕಾಯುತ್ತಿದ್ದರು. ದಾಳಿ ಮುರಿಯಿತು, ಮುತ್ತಿಗೆ ಎದ್ದಿತು.

ಉಳಿದದ್ದು ಬುರುಜಿನ ಆಕಾರ. ನಿಮ್ಮ ಮಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಅವನ ಕೈಗೆ ಒಂದು ಹಾಳೆ, ಪೆನ್ಸಿಲ್, ಅಳತೆಪಟ್ಟಿ ಕೊಡಿ. ಒಂದು ನೇರ ಗೆರೆ ಎಳೆದು ಅದರ ಮೇಲೆ ಅಂತರ ಬಿಟ್ಟು ಮೂರು ವೃತ್ತಗಳನ್ನು ಬರೆಯಲಿ. ಗೆರೆಯೇ ಗೋಡೆ, ವೃತ್ತಗಳು ದುಂಡು ಬುರುಜು. ಈಗ ಎಡ ಬುರುಜಿನ ಮೇಲಿರುವ ಬಂದೂಕಿನವನು ನಡುವಿನ ಬುರುಜಿನ ಬುಡವನ್ನು ಕಾಯಬೇಕು. ಎಡ ಬುರುಜಿನ ಪಕ್ಕದಿಂದ ನಡುವಿನ ವೃತ್ತದ ಹೊರಬದಿಯನ್ನು ತಾಗಿ ಹೋಗುವಂತೆ ಒಂದು ಗೆರೆ ಎಳೆಯಲಿ, ಬಲ ಬುರುಜಿನಿಂದಲೂ ಹಾಗೆಯೇ. ಎರಡು ಗೆರೆಗಳು ನಡುವಿನ ಬುರುಜಿನ ಮುಂದೆ ಒಂದನ್ನೊಂದು ದಾಟುತ್ತವೆ. ಆ ಗೆರೆಗಳಿಗೂ ವೃತ್ತದ ಮುಂಭಾಗಕ್ಕೂ ನಡುವೆ ತ್ರಿಕೋನದಂತಹ ಒಂದು ಜಾಗ ಉಳಿಯುತ್ತದೆ. ಅಲ್ಲಿ ನಿಂತ ಶತ್ರುವನ್ನು ಕೋಟೆಯ ಯಾವ ಬಂದೂಕೂ ಮುಟ್ಟಲಾರದು. ಅವನು ನಿರಾಳವಾಗಿ ಬುಡ ಅಗೆದು ಮದ್ದು ತುಂಬಬಹುದು. ಬುರುಜಿನ ಮೇಲಿನವನು ಅವನನ್ನು ನೋಡಬೇಕೆಂದರೆ ತಲೆ ಹೊರಗೆ ಚಾಚಬೇಕು.

ಇಟಲಿಯವರು ಮಾಡಿದ್ದಿಷ್ಟೇ: ಉಳಿದ ತ್ರಿಕೋನವನ್ನು ಗೋಡೆಯಿಂದಲೇ ತುಂಬಿಬಿಟ್ಟರು. ಬುರುಜಿಗೆ ಬಾಣದ ಮೊನೆಯಂತಹ ಮುಖ ಬಂತು, ಆ ಮುಖದ ಎರಡು ಬದಿಗಳೂ ಪಕ್ಕದ ಬುರುಜಿನ ಗುಂಡು ಹಾದುಹೋಗುವ ಗೆರೆಯ ಮೇಲೆಯೇ ಇವೆ. ಗೋಡೆಯ ಬುಡದಲ್ಲಿ ನಿಂತವನಿಗೆ ಅಡಗಲು ಜಾಗವಿಲ್ಲ. ಇಂತಹ ಬುರುಜುಗಳನ್ನು ಊರಿನ ಸುತ್ತ ಜೋಡಿಸಿದರೆ ಮೇಲಿನಿಂದ ನಕ್ಷತ್ರ ಕಾಣುತ್ತದೆ. ಅಲಂಕಾರವೂ ಅಲ್ಲ, ಜ್ಯೋತಿಷ್ಯವೂ ಅಲ್ಲ. ಗುಂಡು ಸಾಗುವ ದಾರಿಯನ್ನು ಇಟ್ಟಿಗೆಯಲ್ಲಿ ಬರೆದದ್ದು.

ಇದರ ಬೆಲೆ ಭಯಂಕರವಾಗಿತ್ತು. ಸಿಯೆನಾ ಗಣರಾಜ್ಯ 1550ರ ದಶಕದಲ್ಲಿ ತನ್ನ ನಗರ ಮತ್ತು ಸುತ್ತಲಿನ ಪಟ್ಟಣಗಳಿಗೆ ಹೊಸ ಮಾದರಿಯ ಕೋಟೆ ಕಟ್ಟಲು ಹೊರಟಿತು. ಶತ್ರು ಬಂದಾಗ ಕೋಟೆಗಳು ಮುಗಿದಿರಲಿಲ್ಲ, ಸೈನ್ಯ ಸಾಕಲು ಹಣ ಉಳಿದಿರಲಿಲ್ಲ. 1555ರಲ್ಲಿ ಸ್ವಾತಂತ್ರ್ಯವೇ ಹೋಯಿತು. ಕಟ್ಟಿ ಮುಗಿಸಿದವರನ್ನು ಸೋಲಿಸುವುದೂ ಅಷ್ಟೇ ಕಷ್ಟವಾಯಿತು. ಗಂಟೆಗಳಲ್ಲಿ ಮುಗಿಯುತ್ತಿದ್ದ ಮುತ್ತಿಗೆ ಮತ್ತೆ ತಿಂಗಳುಗಟ್ಟಲೆ ಎಳೆಯಿತು, ಗೆಲುವನ್ನು ಫಿರಂಗಿಗಿಂತ ಹೆಚ್ಚಾಗಿ ಹಸಿವು ನಿರ್ಧರಿಸಿತು. ಫಿರಂಗಿ ಬಂದ ಮೇಲೂ ಕೋಟೆ ಏಕೆ ಕಟ್ಟಿದರು ಎಂದು ಕೇಳಿದ್ದೀರಿ. ಹೊಸ ಕೋಟೆ ಫಿರಂಗಿಯನ್ನು ತಡೆಯಿತು, ಅದಕ್ಕೇ ಕಟ್ಟಿದರು. ಜೊತೆಗೆ, ಬುರುಜಿನ ಮೇಲೆ ಕೂತ ಫಿರಂಗಿ ಕೋಟೆಯೊಳಗಿನವನ ಪರವಾಗಿಯೂ ಕೆಲಸ ಮಾಡುತ್ತದೆ.

ಮದ್ದು ಹುಟ್ಟಿದ ಚೀನಾದಲ್ಲಿ ಈ ಬದಲಾವಣೆ ಏಕೆ ಆಗಲಿಲ್ಲ ಎಂದು ಕೆಲವರು ಕೇಳುತ್ತಾರೆ, ಅವರಿಗೆ ಬುದ್ಧಿ ಸಾಲಲಿಲ್ಲ ಎಂಬ ಧ್ವನಿಯೂ ಅದರಲ್ಲಿರುತ್ತದೆ. ಶಿಯಾನ್ ನಗರದ ಮಿಂಗ್ ಕಾಲದ ಗೋಡೆ ಬುಡದಲ್ಲಿ 15 ಮೀಟರಿಗೂ ಹೆಚ್ಚು ದಪ್ಪ, ಒಳಗೆ ಬಡಿದು ಗಟ್ಟಿ ಮಾಡಿದ ಮಣ್ಣು, ಹೊರಗೆ ಇಟ್ಟಿಗೆ. ಕಾನ್‌ಸ್ಟಾಂಟಿನೋಪಲ್ ನಗರದ ಒಳಗೋಡೆಯೇ ಸುಮಾರು 5 ಮೀಟರ್. ಪೀಸಾದವರು ಮುತ್ತಿಗೆಯ ನಡುವೆ ಕಲಿತದ್ದನ್ನು ಚೀನೀಯರ ಗೋಡೆ ಮೊದಲೇ ಬಲ್ಲುದಾಗಿತ್ತು. ಇಂತಹ ಗೋಡೆಗೆ ಹೊಡೆಯಲು ದೈತ್ಯ ತೋಪು ಮಾಡುವುದರಲ್ಲಿ ಅರ್ಥವಿಲ್ಲವೆಂದು ಅಲ್ಲಿನವರು ಮನುಷ್ಯರಿಗೆ ಗುರಿಯಿಡುವ ಸಣ್ಣ ಬಂದೂಕುಗಳ ಕಡೆ ಹೋದರು. ಇತಿಹಾಸಕಾರರಲ್ಲಿ ಈ ವಾದಕ್ಕೆ ಒಪ್ಪದವರೂ ಇದ್ದಾರೆ. ಗೋಡೆ ಮುಟ್ಟಿ ಬಾಳಿದ ನನಗೆ ಇದೇ ಸರಿ ಎನಿಸುತ್ತದೆ.

ಈಗ ನಿಮ್ಮೂರು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಇದನ್ನು ವಿವರವಾಗಿ ಬರೆದಿದ್ದಾನೆ. ರಾಯನ ಸೈನಿಕರು ಗೋಡೆಯ ಬುಡಕ್ಕೆ ಹೋಗಿ ಹಾರೆ, ಗುದ್ದಲಿಗಳಿಂದ ಕಲ್ಲು ಕೀಳುತ್ತಿದ್ದರು. ಅವರನ್ನು ಮೇಲಿನಿಂದ ಹೊಡೆಯಲು ಬಂದವರನ್ನು ಕ್ರಿಸ್ತೊವಾವ್ ದ ಫಿಗೆರೆದೊ ಜೊತೆಗೆ ಬಂದಿದ್ದ ಪೋರ್ಚುಗೀಸ್ ಬಂದೂಕಿನವರು ಕೆಳಗಿನಿಂದ ಗುರಿಯಿಟ್ಟು ಕೆಡವುತ್ತಿದ್ದರು. ಕೆಳಗೆ ಏನಾಗುತ್ತಿದೆ ಎಂದು ನೋಡಲು ಕೋಟೆಯ ಅಧಿಪತಿ ತೆನೆಗಳ ನಡುವಿನಿಂದ ಬಾಗಿದ, ಗುಂಡು ಅವನ ಹಣೆಗೆ ಬಿತ್ತು. ಕೋಟೆ ಶರಣಾಯಿತು. ನಿಮ್ಮ ಮಗ ಹಾಳೆಯ ಮೇಲೆ ಬರೆದ ತ್ರಿಕೋನ ಇದೇ. ಗೋಡೆಯ ಬುಡ ಕಾಣದ ಕೋಟೆಯಲ್ಲಿ ನೋಡುವ ಆಸೆಗೂ ಜೀವ ತೆರಬೇಕಾಯಿತು.

ಅಲ್ಲಿಂದಾಚೆ ದಖ್ಖನಿನವರು ಸುಮ್ಮನಿರಲಿಲ್ಲ, ಇಟಲಿಯನ್ನು ನಕಲು ಮಾಡಲೂ ಇಲ್ಲ. ಅವರು ಎತ್ತರ ಮತ್ತು ದೂರವನ್ನು ಆರಿಸಿಕೊಂಡರು. ವಿಜಯಪುರದ ಉಪ್ಪಲಿ ಬುರುಜು 1584ರದ್ದು, ಸುಮಾರು 24 ಮೀಟರ್ ಎತ್ತರ. ಕೋಟೆಗೋಡೆಯಿಂದ ಬೇರೆಯಾಗಿ ನಿಂತಿದೆ, ಮೇಲಿರುವ ಉದ್ದನೆಯ ತೋಪು 9 ಮೀಟರಿಗೂ ಮಿಗಿಲು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ 50 ಟನ್ನಿಗೂ ಹೆಚ್ಚು ಭಾರ, ಇನ್ನೊಂದು ಬುರುಜಿನ ಮೇಲೆ ಇಂದಿಗೂ ಇದೆ. ದುಂಡು ವೇದಿಕೆಯಾದರೆ ತೋಪನ್ನು ಯಾವ ದಿಕ್ಕಿಗಾದರೂ ತಿರುಗಿಸಬಹುದು. ಶತ್ರುವಿನ ಭಾರೀ ತೋಪು ಎರೆನೆಲದಲ್ಲಿ ಎತ್ತುಗಳ ಹಿಂದೆ ತೆವಳುತ್ತಾ ಹತ್ತಿರ ಬರುವ ಮೊದಲೇ ದೂರದಿಂದ ಹೊಡೆಯುವುದು ಅವರ ಲೆಕ್ಕ. ದೂರದಿಂದ ತಡೆಯಲಾಗದೆ ಶತ್ರು ಬುಡಕ್ಕೆ ಬಂದುಬಿಟ್ಟರೆ ದುಂಡು ಬುರುಜಿನ ಹಳೆಯ ದೌರ್ಬಲ್ಯ ಹಾಗೆಯೇ ಇತ್ತು.

1791ರ ಹೊತ್ತಿಗೆ ಶತ್ರುವಿನ ಫಿರಂಗಿ ಹಗುರವಾಗಿ, ಚುರುಕಾಗಿ ಬದಲಾಗಿತ್ತು. ದುಂಡು ಬುರುಜುಗಳ ಬೆಂಗಳೂರು ಕೋಟೆಯನ್ನು ಕಾರ್ನ್‌ವಾಲಿಸ್‌ನ ಸೇನೆ ಆ ವರ್ಷದ ಮಾರ್ಚ್ 21ರ ರಾತ್ರಿ ಒಡೆದು ನುಗ್ಗಿತು. ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ಗೋಡೆಯಲ್ಲಿ ಆ ಒಡಕಿನ ಜಾಗವನ್ನು ತೋರಿಸುವ ಕಲ್ಲುಫಲಕ ಇಂದಿಗೂ ಇದೆ. ಮಂಜರಾಬಾದ್ ಮುಗಿದದ್ದು ಅದರ ಮರುವರ್ಷ, 1792ರಲ್ಲಿ, ಟಿಪ್ಪುವಿನ ಬಳಿಯಿದ್ದ ಫ್ರೆಂಚರ ತಿಳಿವಳಿಕೆಯ ನೆರಳಿನಲ್ಲಿ. ಅದು ಇಟಲಿಯ ಪೂರ್ಣ ಮಾದರಿಯಲ್ಲ, ಅದರ ಸರಳ ಬಂಧು. ಬೇರೆ ಬೇರೆ ಬುರುಜು ಕಟ್ಟುವ ಬದಲು ಗೋಡೆಯನ್ನೇ ಮಡಿಸಿ ಒಂದು ಬದಿ ಇನ್ನೊಂದನ್ನು ನೋಡುವಂತೆ ಮಾಡಿದ್ದಾರೆ. ನಡುವೆ ನೆಲದೊಳಗೆ ತಂಪಾದ ಎರಡು ಕೋಣೆಗಳನ್ನು ನೀವು ನೋಡಿರಬಹುದು. ಮಲೆನಾಡಿನ ಮಳೆಯಲ್ಲಿ ಮದ್ದು ಒಣಗಿರಬೇಕಲ್ಲವೇ? ಅದೇ ಆ ಕೋಟೆಯ ಮದ್ದಿನ ಮನೆ.

ಮುಂದಿನ ಭಾನುವಾರ ಮಗನನ್ನು ರಾಯಚೂರಿನ ಕೋಟೆಗೆ ಕರೆದುಕೊಂಡು ಹೋಗಿ. ನೀವು ಕೆಳಗೆ, ಒಂದು ದುಂಡು ಬುರುಜಿನ ಹೊರಗೆ ಗೋಡೆಗೆ ಅಂಟಿಕೊಂಡು ನಡೆಯಿರಿ. ಮನೆಯವರೊಬ್ಬರು ಹತ್ತಲು ಬಿಡುವ ಕಡೆ ಮಗನೊಂದಿಗೆ ಪಕ್ಕದ ಬುರುಜಿನ ಮೇಲೆ ನಿಂತು, ನೀವು ಕಣ್ಮರೆಯಾದ ಕೂಡಲೇ ಕೂಗಲಿ. ಅಲ್ಲಿ ಒಂದು ಕಲ್ಲಿಟ್ಟು ಗುರುತು ಮಾಡಿ, ಮತ್ತೆ ಕಾಣಿಸಿಕೊಂಡ ಕಡೆ ಇನ್ನೊಂದು. ಆ ಎರಡು ಕಲ್ಲುಗಳ ನಡುವಿನ ಹೆಜ್ಜೆಗಳನ್ನು ಅವನೇ ಇಳಿದು ಬಂದು ಎಣಿಸಲಿ. ಮೇಲಿದ್ದಾಗ ಮಾತ್ರ ತೆನೆಗಳಾಚೆ ಬಾಗದಂತೆ ನೋಡಿಕೊಳ್ಳಿ.